ಇಬ್ಬರ ಲೇಬಲ್ 92% ಹೊಂದುತ್ತೆ, ಕಪ್ಪಾ ಮಾತ್ರ 0.46. ಈ ಡೇಟಾ ನಂಬಬಹುದಾ?

ಪ್ರಶ್ನೆ (ಎಂ.ಟೆಕ್ ವಿದ್ಯಾರ್ಥಿನಿ): ಕನ್ನಡ ಕಮೆಂಟುಗಳಲ್ಲಿ ಬೈಗುಳ ಗುರುತಿಸೋ ಪ್ರಾಜೆಕ್ಟ್ ನನ್ನದು. 500 ಕಮೆಂಟಿಗೆ ಇಬ್ಬರು ಬೇರೆಬೇರೆಯಾಗಿ ‘ಬೈಗುಳ’ ಅಥವಾ ‘ಅಲ್ಲ’ ಅಂತ ಲೇಬಲ್ ಹಾಕಿದ್ದಾರೆ. ಒಬ್ಬರು ಮೈಸೂರಿನವರು, ಇನ್ನೊಬ್ಬರು ಹುಬ್ಬಳ್ಳಿಯವರು. 20ಕ್ಕೆ ಇಬ್ಬರೂ ಬೈಗುಳ ಅಂದರು, 440ಕ್ಕೆ ಇಬ್ಬರೂ ಅಲ್ಲ ಅಂದರು. 25ಕ್ಕೆ ಮೈಸೂರಿನವರು ಮಾತ್ರ, 15ಕ್ಕೆ ಹುಬ್ಬಳ್ಳಿಯವರು ಮಾತ್ರ ಬೈಗುಳ ಅಂದಿದ್ದಾರೆ. 92% ಹೊಂದಿಕೆ ಇದ್ದರೂ ಕಪ್ಪಾ ಯಾಕೆ ಇಷ್ಟು ಕಡಿಮೆ? ಇದರ ಮೇಲೆ ಇನ್ನೂ 10,000 ಲೇಬಲ್ ಮಾಡಿಸಬಹುದಾ?

ಉತ್ತರ (ಭಾಷಾ ಡೇಟಾ ತಂಡ ನೋಡಿಕೊಳ್ಳುವವರು): 10,000ದ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿ. ಕಾರಣ ನಿಮ್ಮ ಲೆಕ್ಕದಲ್ಲೇ ಇದೆ.

ಮೈಸೂರಿನವರು ಒಟ್ಟು 45ಕ್ಕೆ, ಅಂದರೆ ನೂರಕ್ಕೆ 9ಕ್ಕೆ ಬೈಗುಳ ಅಂದಿದ್ದಾರೆ. ಹುಬ್ಬಳ್ಳಿಯವರು 35ಕ್ಕೆ, ಅಂದರೆ ನೂರಕ್ಕೆ 7ಕ್ಕೆ. ಈಗ ಇಬ್ಬರೂ ಕಮೆಂಟನ್ನು ಓದದೆ, ಇದೇ ಪ್ರಮಾಣದಲ್ಲಿ ಕಣ್ಣುಮುಚ್ಚಿ ಲೇಬಲ್ ಹಾಕಿದ್ದರು ಅಂದುಕೊಳ್ಳಿ. ಆಗಲೂ ಸುಮಾರು 423 ಕಡೆ ಇಬ್ಬರದೂ ‘ಅಲ್ಲ’ ಆಗುತ್ತಿತ್ತು, 3 ಕಡೆ ಇಬ್ಬರದೂ ‘ಬೈಗುಳ’ ಆಗುತ್ತಿತ್ತು. ಓದದೆಯೇ 426 ಹೊಂದಿಕೆ! ಓದಿ ತೀರ್ಮಾನಿಸಿ ಗಳಿಸಬಹುದಾಗಿದ್ದು ಉಳಿದ 74 ಮಾತ್ರ. ನಿಮ್ಮವರು 460 ಮುಟ್ಟಿದ್ದಾರೆ, ಅಂದರೆ 74ರಲ್ಲಿ 34 ಗಳಿಸಿದ್ದಾರೆ. 34 ಭಾಗಿಸು 74, ಅದೇ ನಿಮ್ಮ 0.46. ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ ಅಳೆಯುವುದು ಇಷ್ಟನ್ನೇ.

ನಿಮಗೆ ಬೇಕಾಗಿರುವುದು ಬೈಗುಳ ತಾನೆ? ಹಾಗಾದರೆ ಆ ಕಡೆಯಿಂದಲೇ ನೋಡಿ. ಇಬ್ಬರಲ್ಲಿ ಒಬ್ಬರಾದರೂ ಬೈಗುಳ ಅಂದಿದ್ದು 60 ಕಮೆಂಟಿಗೆ. ಇಬ್ಬರೂ ಒಪ್ಪಿದ್ದು 20ಕ್ಕೆ. ನಿಮ್ಮ ಮಾಡೆಲ್ ಕಲಿಯಬೇಕಾದದ್ದು ಈ 60ರಿಂದಲೇ, ಅಲ್ಲಿ ಮೂರರಲ್ಲಿ ಎರಡು ತಕರಾರಿನವು.

ಕಪ್ಪಾ ಜೊತೆ ನಾಲ್ಕು ಮನೆಯ ಟೇಬಲನ್ನೂ ಯಾವಾಗಲೂ ಮುದ್ರಿಸಿ. ಅದಿಲ್ಲದೆ ಬರೀ ಕಪ್ಪಾ ನೋಡಿದರೆ ಏನೂ ತಿಳಿಯುವುದಿಲ್ಲ. ಕೆಳಗಿನ `a`, `b` ಅಂದರೆ ಇಬ್ಬರ ಲೇಬಲ್‌ಗಳ ಪಟ್ಟಿ, ಒಂದೇ ಕ್ರಮದಲ್ಲಿ.

```python
from sklearn.metrics import cohen_kappa_score, confusion_matrix
print(confusion_matrix(a, b))
print(cohen_kappa_score(a, b))
```

ಡೇಟಾ ಅನಲಿಸ್ಟ್, ಬೆಂಗಳೂರು: 0.41ರಿಂದ 0.60ರವರೆಗೆ ‘ಮಧ್ಯಮ’ ಅಂತ ಲ್ಯಾಂಡಿಸ್ ಮತ್ತು ಕಾಕ್ 1977ರಲ್ಲೇ ಹೇಳಿದ್ದಾರಲ್ಲ. ಇಷ್ಟು ಗಾಬರಿ ಬೇಡ. ಮೂರನೆಯವರೊಬ್ಬರನ್ನು ಸೇರಿಸಿ, ಬಹುಮತ ತೆಗೆದುಕೊಂಡರೆ ಮುಗಿಯಿತು.

ಉತ್ತರ: ಆ ಮಟ್ಟಗಳು ಇರುವುದು ನಿಜ. ಆದರೆ ಹೀಗೆ ಭಾಗ ಮಾಡಿದ್ದು ಮನಸ್ಸಿಗೆ ತೋಚಿದಂತೆ ಅಂತ ಅವರೇ ಅದೇ ಲೇಖನದಲ್ಲಿ ಒಪ್ಪಿಕೊಂಡಿದ್ದಾರೆ. ಇಂಥದ್ದೇ ಹೊಂದಿಕೆಯನ್ನು ಅಳೆಯುವ ತಮ್ಮ ಆಲ್ಫಾಗೆ ಕ್ರಿಪೆಂಡಾರ್ಫ್ 0.8 ಕೇಳುತ್ತಾರೆ, 0.667ಕ್ಕಿಂತ ಕೆಳಗಿದ್ದರೆ ತಾತ್ಕಾಲಿಕ ತೀರ್ಮಾನಕ್ಕೂ ಬೇಡ ಅನ್ನುತ್ತಾರೆ. ಇನ್ನೊಂದು ಮಾತು: ಬರೀ 500 ಕಮೆಂಟಿನ ಮೇಲೆ ಬಂದ ಈ 0.46 ಗಟ್ಟಿ ಸಂಖ್ಯೆಯಲ್ಲ. ನಿಜವಾದ ಕಪ್ಪಾ ಇರಬಹುದಾದ 95% ವ್ಯಾಪ್ತಿ ಸುಮಾರು 0.30ರಿಂದ 0.62. ‘ಮಧ್ಯಮ’ ಅನ್ನುವುದೂ ಖಾತ್ರಿಯಿಲ್ಲ.

ಬಹುಮತ ನನಗೆ ಒಪ್ಪಿಗೆಯಿಲ್ಲ. ಇಬ್ಬರ ನಡುವಿನ ಭಿನ್ನಮತ ಅಜಾಗರೂಕತೆಯದ್ದಾದರೆ ಮೂರನೆಯವರು ಸರಿಪಡಿಸುತ್ತಾರೆ. ಭಿನ್ನಮತ ಊರಿನದ್ದಾದರೆ? ಮೂರನೆಯವರು ಮಂಡ್ಯದವರಾದರೆ ಮೈಸೂರು ಗೆಲ್ಲುತ್ತೆ, ಗದಗದವರಾದರೆ ಹುಬ್ಬಳ್ಳಿ ಗೆಲ್ಲುತ್ತೆ. ಯಾರನ್ನು ಕರೆದಿರಿ ಅನ್ನುವುದೇ ಉತ್ತರವನ್ನು ನಿರ್ಧರಿಸಿಬಿಡುತ್ತದೆ. ಆದ್ದರಿಂದ ಮೊದಲು ಆ 40 ಕಮೆಂಟುಗಳನ್ನು ಒಂದೊಂದಾಗಿ ಓದಿ.

ಶಿಕ್ಷಕರು, ಧಾರವಾಡ: ನಾನು ಕಂಪ್ಯೂಟರ್ ಓದಿದಾವ ಅಲ್ರೀ, ಆದ್ರ ಒಂದು ಹೇಳ್ತೀನಿ. ನಮ್ಮ ಕಡೆ ‘ಲೇ’, ‘ಮಗನ’ ಅನ್ನೂದು ಗೆಳ್ಯಾರ ನಡುವ ದಿನಾ ನಡಿಯೂ ಮಾತು. ಅದಕ್ಕ ಬೈಗುಳ ಅಂತ ಹಚ್ಚಿದ್ರ ನಮ್ಮ ಅರ್ಧ ಊರು ಬೈಗುಳದಾಗ ಬರ್ತದ. ಆ 25 ತಗದು ನೋಡ್ರಿ ಒಮ್ಮೆ.

ಕಣ್ಣಿನ ಆಸ್ಪತ್ರೆಯ ವೈದ್ಯರು: ನಮ್ಮಲ್ಲೂ ಇದೇ ಕಥೆ. ಸಕ್ಕರೆ ಕಾಯಿಲೆಯವರ ರೆಟಿನಾ ಫೋಟೋಗೆ ಇಬ್ಬರು 0ಯಿಂದ 4ರವರೆಗೆ ಗ್ರೇಡ್ ಕೊಟ್ಟರು. ಕಪ್ಪಾ ಕಡಿಮೆ ಬಂತು. ನೋಡಿದರೆ ಹೆಚ್ಚಿನ ತಕರಾರು 1 ಮತ್ತು 2ರ ನಡುವೆ. ಒಬ್ಬರು 0 ಅಂದು ಇನ್ನೊಬ್ಬರು 4 ಅಂದಿದ್ದರೆ ಅದು ಬೇರೆ ಮಾತು, ಸಾದಾ ಕಪ್ಪಾಗೆ ಮಾತ್ರ ಎರಡೂ ಒಂದೇ ತಪ್ಪು. `weights='quadratic'` ಹಾಕಿದ ಮೇಲೆ ಸಂಖ್ಯೆ ಚೆನ್ನಾಗಿ ಬಂತು. ನೀವೂ ಅದನ್ನೇ ಮಾಡಿ.

ಉತ್ತರ: ಡಾಕ್ಟ್ರೇ, ಮೆಟ್ಟಿಲುಮೆಟ್ಟಿಲಾಗಿ ಏರುವ ಗ್ರೇಡಿಗೆ ಅದು ಸರಿ. ಕೊಹೆನ್ 1968ರಲ್ಲಿ ತೂಕದ ಕಪ್ಪಾ ತಂದದ್ದೇ ಅದಕ್ಕೆ. ಇಲ್ಲಿರುವುದು ಎರಡೇ ಲೇಬಲ್, ತೂಕ ಹಾಕಿದರೂ ಅದೇ 0.46 ಬರುತ್ತದೆ. ನಿಮ್ಮ ವಿಷಯದಲ್ಲೂ ಒಂದು ವಿನಂತಿ: ರೋಗಿಯನ್ನು ತಜ್ಞರ ಹತ್ತಿರ ಕಳಿಸುವ ಗೆರೆ 1 ಮತ್ತು 2ರ ನಡುವೆಯೇ ಇದ್ದರೆ, ತೂಕದ ಕಪ್ಪಾ ಸಣ್ಣದೆಂದು ಬಿಟ್ಟ ತಕರಾರೇ ರೋಗಿಗೆ ದೊಡ್ಡದು. ಕಳಿಸಬೇಕೋ ಬೇಡವೋ ಅನ್ನುವುದರ ಮೇಲೆ ಬೇರೆಯಾಗಿ ಕಪ್ಪಾ ತೆಗೆದು ನೋಡಿ.

ಸಾಫ್ಟ್‌ವೇರ್ ಎಂಜಿನಿಯರ್: ಮಾಡೆಲ್ ನಿಖರತೆ 91% ದಾಟಿದರೆ ಡೇಟಾ ಸರಿ ಇದೆ ಅಂತಲೇ ಅಲ್ಲವಾ?

ಉತ್ತರ: ಮೈಸೂರಿನವರ ಲೇಬಲ್ ಇಟ್ಟುಕೊಂಡು, ಎಲ್ಲ 500ಕ್ಕೂ ಕಣ್ಣುಮುಚ್ಚಿ ‘ಅಲ್ಲ’ ಅನ್ನುವ ಮಾಡೆಲ್‌ಗೂ 91% ಬರುತ್ತೆ.

ಪ್ರಶ್ನೆ ಕೇಳಿದವರು (ಎರಡು ವಾರದ ನಂತರ): 40ನ್ನೂ ಓದಿದೆ. ಧಾರವಾಡದ ಸರ್ ಹೇಳಿದ್ದು ಸರಿ. ಮೈಸೂರಿನವರು ಮಾತ್ರ ಬೈಗುಳ ಅಂದ 25ರಲ್ಲಿ 16ರಲ್ಲಿ ಬರೀ ‘ಲೇ’, ‘ಮಗನ’ ಇತ್ತು. ಹುಬ್ಬಳ್ಳಿಯವರು ಮಾತ್ರ ಹಿಡಿದ 15ರಲ್ಲಿ 9ರಲ್ಲಿ ಒಂದೂ ಕೆಟ್ಟ ಪದ ಇಲ್ಲ, ಆದರೆ ಕುಲಕಸುಬಿನ ಹೆಸರೆತ್ತಿ ಹೀಯಾಳಿಸಿದ್ದು. ಮೈಸೂರಿನವರು ಪದ ನೋಡುತ್ತಿದ್ದರು, ಹುಬ್ಬಳ್ಳಿಯವರು ಉದ್ದೇಶ ನೋಡುತ್ತಿದ್ದರು. ನಾನು ಕೊಟ್ಟ ಸೂಚನೆಯಲ್ಲಿ ಇದ್ದದ್ದು ‘ಬೈಗುಳವಿದ್ದರೆ ಗುರುತಿಸಿ’ ಅನ್ನುವ ಒಂದೇ ಸಾಲು. ಉಳಿದ 15ರಲ್ಲಿ 5 ಅಜಾಗರೂಕತೆ, 10 ವ್ಯಂಗ್ಯ.

ಸೂಚನೆ ತಿದ್ದಿ ಬರೆದೆ: ಎದುರಿನವರನ್ನು ಅವಮಾನಿಸುವ ಉದ್ದೇಶ ಇದ್ದರೆ ಮಾತ್ರ ಬೈಗುಳ, ಸಂಬೋಧನೆಯ ಪದ ಒಂದೇ ಸಾಲದು, ಜೊತೆಗೆ ಎರಡೂ ಕಡೆಯ ಮಾತಿನ 12 ಉದಾಹರಣೆ. ಈಗ ಅದೇ 500ಕ್ಕೆ ಮತ್ತೆ ಲೇಬಲ್ ಹಾಕಿಸಲಾ?

ಉತ್ತರ: ಅದೇ 500 ಬೇಡ. ಅವರಿಗೆ ಆ ಕಮೆಂಟುಗಳು ನೆನಪಿರುತ್ತವೆ, ಕೂತು ಚರ್ಚೆಯನ್ನೂ ಮಾಡಿರುತ್ತೀರಿ. ಕಪ್ಪಾ ಏರುತ್ತದೆ, ಆದರೆ ಅದು ನಿಮ್ಮ ಸೂಚನೆಯ ಗುಣ ಆಗಿರುವುದಿಲ್ಲ. ಹೊಸ ಕಮೆಂಟುಗಳನ್ನು ಕೊಟ್ಟು, ಒಬ್ಬರದನ್ನು ಒಬ್ಬರು ನೋಡದಂತೆ ಮಾಡಿಸಿ. ಬೈಗುಳ ಜಾಸ್ತಿ ಸಿಗಲಿ ಅಂತ ಆರಿಸಿ ತರಬೇಡಿ. ಬೈಗುಳದ ಪಾಲು ಹೆಚ್ಚಾದರೆ ಕಪ್ಪಾ ತಾನಾಗಿಯೇ ಏರಬಹುದು, ಹಳೆಯದಕ್ಕೆ ಹೋಲಿಸಲು ಬರುವುದಿಲ್ಲ.

ಪ್ರಶ್ನೆ ಕೇಳಿದವರು: ಹೊಸ 200 ಮಾಡಿಸಿದೆ. ಇಬ್ಬರೂ ಬೈಗುಳ ಅಂದಿದ್ದು 14, ಇಬ್ಬರೂ ಅಲ್ಲ ಅಂದಿದ್ದು 177. ಮೈಸೂರು ಮಾತ್ರ 4, ಹುಬ್ಬಳ್ಳಿ ಮಾತ್ರ 5. ಕಪ್ಪಾ 0.73. ತಕರಾರಿನ 9ರಲ್ಲಿ 7 ವ್ಯಂಗ್ಯದವೇ.

ಉತ್ತರ: ಹೊಂದಿಕೆ 92%ನಿಂದ 95.5%ಗೆ ಏರಿದ್ದು ಸಣ್ಣದಾಗಿ ಕಾಣುತ್ತೆ. ಆದರೆ ಒಬ್ಬರಾದರೂ ಬೈಗುಳ ಅಂದ 23ರಲ್ಲಿ 14ಕ್ಕೆ ಈಗ ಒಮ್ಮತವಿದೆ. 200ರ ಮೇಲಿನ 0.73ರ ವ್ಯಾಪ್ತಿ ಸುಮಾರು 0.56ರಿಂದ 0.90, ಹಳೆಯ ವ್ಯಾಪ್ತಿಯ ತುದಿಗೆ ಇನ್ನೂ ತಾಗುತ್ತಿದೆ. ಇನ್ನೊಂದು 300 ಸೇರಿಸಿ ನೋಡಿ, ಆಮೇಲೆ 10,000 ಶುರು ಮಾಡಿ. ಶುರುವಾದ ಮೇಲೂ ಪ್ರತಿ ಸಾವಿರದಲ್ಲಿ ನೂರನ್ನು ಇಬ್ಬರಿಗೂ ಕೊಡಿ. ದಣಿದಂತೆ ಜನ ಸೂಚನೆಯನ್ನು ಮರೆಯುತ್ತಾರೆ.

ಶಿಕ್ಷಕರು, ಧಾರವಾಡ: ವ್ಯಂಗ್ಯ ಹೆಂಗ ಮಾಡ್ತೀರಿ? ಅದನ್ನ ಓದೂ ಇಬ್ಬರು ಒಂದs ಥರ ಓದೂದಿಲ್ಲ.

ಡೇಟಾ ಅನಲಿಸ್ಟ್: ತಕರಾರಿನವನ್ನು ಬಿಟ್ಟುಬಿಡಿ, ಡೇಟಾ ಶುದ್ಧವಾಗುತ್ತೆ.

ಉತ್ತರ: ಬಿಟ್ಟರೆ ಟೆಸ್ಟ್‌ನಲ್ಲಿ ಸುಲಭದವೇ ಉಳಿಯುತ್ತವೆ, ಹೊರಗಿನ ಕಮೆಂಟುಗಳಲ್ಲಿ ವ್ಯಂಗ್ಯ ಇದ್ದೇ ಇರುತ್ತದೆ. ನಾನಾದರೆ ಇಬ್ಬರ ಲೇಬಲನ್ನೂ ಹಾಗೆಯೇ ಫೈಲಿನಲ್ಲಿ ಉಳಿಸುತ್ತೇನೆ. ಅದರಿಂದ ಒಂದೇ ಉತ್ತರ ತೆಗೆಯುವುದು ಹೇಗೆ ಅನ್ನುವುದರ ಬಗ್ಗೆ ನಮ್ಮ ತಂಡದಲ್ಲೇ ಎರಡು ಅಭಿಪ್ರಾಯಗಳಿವೆ.