ಮ್ಯಾಕ್‌ಗೆ ವಿಂಡೋಸ್ ಕೀಬೋರ್ಡ್ ಹಾಕಿದರೆ ಬೆರಳು ತಪ್ಪುತ್ತಿದೆ

ಪ್ರಶ್ನೆ (ಶಿರಸಿ): ಹಗಲು ಅಡಿಕೆ ಮಂಡಿಯಲ್ಲಿ ವಿಂಡೋಸ್‌ ಮೇಲೆ ಟ್ಯಾಲಿ ಕೆಲಸ. ರಾತ್ರಿ ಮನೆಯಲ್ಲಿ ಮ್ಯಾಕ್‌ಬುಕ್‌ಗೆ ಹಳೆಯ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿಕೊಂಡು ಅನುವಾದ ಮಾಡುತ್ತೇನೆ, ಕನ್ನಡ ಇಂಗ್ಲಿಷ್ ಎರಡೂ ಟೈಪ್ ಮಾಡಬೇಕು. ಕಂಟ್ರೋಲ್ ಹಿಡಿದು ಸಿ ಒತ್ತಿದರೆ ಕಾಪಿ ಆಗುವುದಿಲ್ಲ. ಮ್ಯಾಕ್‌ನ ಅಭ್ಯಾಸದಲ್ಲಿ ಹೆಬ್ಬೆರಳು ಆಲ್ಟ್ ಮೇಲೆ ಹೋದರೆ ç ಅಂತ ಬರುತ್ತದೆ. ವಿಂಡೋಸನ್ನೇ ಮ್ಯಾಕ್ ಥರ ಮಾಡಿಬಿಡಲಾ?

ಕುಮಟಾದ ಸದಸ್ಯರು: ಬಹಳ ಸುಲಭ ಅಕ್ಕಾ. ಮ್ಯಾಕ್‌ನಲ್ಲಿ ಕಂಟ್ರೋಲ್ ಮತ್ತು ಕಮಾಂಡ್ ಅದಲುಬದಲು ಮಾಡಿ. ಮೂಲೆಯ ಕೀಲಿಯಿಂದಲೇ ಕಾಪಿ, ಪೇಸ್ಟ್ ಎಲ್ಲ ಆಗುತ್ತದೆ. ನಾನು ಹಾಗೇ ಇಟ್ಟುಕೊಂಡಿದ್ದೇನೆ, ಎರಡೂ ಕಂಪ್ಯೂಟರ್ ಒಂದೇ ಥರ.

ಉತ್ತರ (ಶಿರಸಿಯಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡುವವರು): ವಿಂಡೋಸ್ ಮುಟ್ಟಬೇಡಿ ಮೇಡಂ. ಪವರ್‌ಟಾಯ್ಸ್ ಎಂಬ ತಂತ್ರಾಂಶ ಹಾಕಿ ಎಡ ಆಲ್ಟನ್ನು ಕಂಟ್ರೋಲ್ ಮಾಡಬಹುದು ನಿಜ. ಆದರೆ ಟ್ಯಾಲಿಯಲ್ಲಿ ಹೊಸ ಲೆಡ್ಜರ್ ತೆರೆಯುವುದೇ ಆಲ್ಟ್ ಸಿ ಇಂದ, ವೋಚರ್ ಅಳಿಸುವುದು ಆಲ್ಟ್ ಡಿ ಇಂದ. ಅವೆಲ್ಲ ಕೈ ತಪ್ಪಿ ಹೋಗುತ್ತವೆ. ಮಂಡಿಯಲ್ಲಿ ಆ ಕಂಪ್ಯೂಟರ್‌ಗೆ ಬೇರೆಯವರೂ ಕೂರುತ್ತಾರೆ, ಅಲ್ವಾ?

ಸರಿ ಮಾಡಬೇಕಾದ್ದು ಮ್ಯಾಕನ್ನು. ವಿಂಡೋಸ್ ಕೀಬೋರ್ಡ್‌ನಲ್ಲಿ ಎಡದಿಂದ ಕಂಟ್ರೋಲ್, ವಿಂಡೋಸ್, ಆಲ್ಟ್. ಮ್ಯಾಕ್ ಈ ವಿಂಡೋಸ್ ಕೀಲಿಯನ್ನು ಕಮಾಂಡ್ ಎಂದು, ಆಲ್ಟನ್ನು ಆಪ್ಷನ್ ಎಂದು ಓದುತ್ತದೆ. ಆಪಲ್ ಕೀಬೋರ್ಡ್‌ನಲ್ಲಿ ಸ್ಪೇಸ್ ಬಾರ್ ಪಕ್ಕದಲ್ಲಿರುವುದು ಕಮಾಂಡ್. ಇಲ್ಲಿ ಆ ಜಾಗಕ್ಕೆ ಆಪ್ಷನ್ ಬಂದು ಕೂತಿದೆ. ಮ್ಯಾಕ್‌ನಲ್ಲಿ ಆಪ್ಷನ್ ವಿಶೇಷ ಅಕ್ಷರ ಕೊಡುವ ಕೀಲಿ, ಅದಕ್ಕೇ ನಿಮಗೆ ç ಬಂದಿದ್ದು.

ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿಯೇ ಇಟ್ಟು ಇಲ್ಲಿಗೆ ಹೋಗಿ:

```
System Settings > Keyboard > Keyboard Shortcuts… > Modifier Keys
```

ಮೇಲಿನ ಪಟ್ಟಿಯಲ್ಲಿ ಮೊದಲು ಆ ಯುಎಸ್‌ಬಿ ಕೀಬೋರ್ಡನ್ನು ಆರಿಸಿ. ಆಮೇಲೆ Option ಸಾಲಿಗೆ Command, Command ಸಾಲಿಗೆ Option ಕೊಡಿ. ಈ ಬದಲಾವಣೆ ಆರಿಸಿದ ಕೀಬೋರ್ಡ್‌ಗೆ ಮಾತ್ರ. ಲ್ಯಾಪ್‌ಟಾಪ್‌ನ ಸ್ವಂತ ಕೀಲಿಗಳು ಮೊದಲಿನಂತೆಯೇ ಇರುತ್ತವೆ. ಸರಿಯಾಯಿತೋ ನೋಡಲು ಸ್ಪೇಸ್ ಬಾರ್ ಪಕ್ಕದ ಕೀಲಿ ಹಿಡಿದು ಟ್ಯಾಬ್ ಒತ್ತಿ. ತೆರೆದಿರುವ ಆ್ಯಪ್‌ಗಳ ಸಾಲು ಕಂಡರೆ ಅದು ಕಮಾಂಡ್ ಆಗಿದೆ ಎಂದರ್ಥ.

ಕುಮಟಾದವರು ಹೇಳಿದ್ದು ಕಾಪಿ, ಪೇಸ್ಟಿಗೆ ಸರಿ. ಆದರೆ ಮ್ಯಾಕ್‌ನಲ್ಲಿ ನಿಮ್ಮದು ಪಠ್ಯ ತಿದ್ದುವ ಕೆಲಸ. ವಿಂಡೋಸ್‌ನಲ್ಲಿ ಕಂಟ್ರೋಲ್ ಹಿಡಿದು ಎಡ ಬಾಣ ಒತ್ತಿದರೆ ಒಂದು ಪದ ಹಿಂದೆ ಹೋಗುತ್ತೀರಿ. ಮ್ಯಾಕ್‌ನಲ್ಲಿ ಪದ ದಾಟಿಸುವುದು ಆಪ್ಷನ್. ಕಮಾಂಡ್ ಹಿಡಿದರೆ ಸಾಲಿನ ಮೊದಲಿಗೇ ಹಾರುತ್ತದೆ. ಅವರ ಥರ ಬದಲಿಸಿದರೆ ಒಂದು ಪದ ಹಿಂದೆ ಹೋಗಲು ಹೊರಟವರು ಪ್ರತಿ ಸಲ ಸಾಲಿನ ತುದಿಯಲ್ಲಿ ಇರುತ್ತೀರಿ. ಶಿಫ್ಟನ್ನೂ ಜೊತೆಗೆ ಹಿಡಿದು ಪದ ಆಯ್ದು ಟೈಪ್ ಮಾಡಿದರಂತೂ ಅರ್ಧ ಸಾಲೇ ಅಳಿಸಿಹೋಗುತ್ತದೆ.

ಇನ್ನೊಂದು, ಕನ್ನಡಕ್ಕೆ ಸಂಬಂಧಪಟ್ಟದ್ದು. ಮ್ಯಾಕ್‌ನಲ್ಲಿ ಕಂಟ್ರೋಲ್ ಸ್ಪೇಸ್ ಒತ್ತಿ ಭಾಷೆ ಬದಲಿಸುತ್ತೇವೆ. ಕಮಾಂಡ್ ಸ್ಪೇಸ್‌ಗೆ ಸ್ಪಾಟ್‌ಲೈಟ್ ಹುಡುಕಾಟ ತೆರೆಯುತ್ತದೆ. ಅವೆರಡೂ ಅದಲುಬದಲಾದರೆ ಕನ್ನಡಕ್ಕೆ ಹೋಗುವಾಗಲೆಲ್ಲ ಹುಡುಕಾಟದ ಪಟ್ಟಿ ಎದುರು ಬರುತ್ತದೆ. ನಾನು ಹೇಳಿದ ರೀತಿಯಲ್ಲಿ ಕಂಟ್ರೋಲ್ ತನ್ನ ಜಾಗದಲ್ಲೇ ಉಳಿಯುತ್ತದೆ.

ಕಾರವಾರದ ಸದಸ್ಯರು: ನನಗೂ ಇದೇ ತೊಂದರೆ ಸರ್. ವಿಂಡೋಸ್‌ನಲ್ಲಿ ಬಲ ಆಲ್ಟ್ ಹಿಡಿದು 4 ಒತ್ತಿದರೆ ₹ ಬರುತ್ತಿತ್ತು. ಮ್ಯಾಕ್‌ನಲ್ಲಿ ಬರುತ್ತಿಲ್ಲ. ಅದಲುಬದಲು ಮಾಡಿದರೆ ಬರುತ್ತದಾ?

ಉತ್ತರ: ಇಲ್ಲ, ಅದು ಬೇರೆ ವಿಷಯ. ವಿಂಡೋಸ್‌ನಲ್ಲಿ ನಿಮಗೆ ₹ ಕೊಡುತ್ತಿದ್ದದ್ದು English (India) ಎಂಬ ಕೀಬೋರ್ಡ್ ವಿನ್ಯಾಸ. ಸದ್ಯಕ್ಕೆ ಮ್ಯಾಕ್‌ನಲ್ಲಿ ಕಂಟ್ರೋಲ್, ಕಮಾಂಡ್, ಸ್ಪೇಸ್ ಮೂರೂ ಒಟ್ಟಿಗೆ ಒತ್ತಿ, ತೆರೆದ ಕಿಟಕಿಯಲ್ಲಿ rupee ಎಂದು ಹುಡುಕಿ.

ಪ್ರಶ್ನೆ ಕೇಳಿದವರು: ಮಾಡಿದೆ ಸರ್. ಈಗ ಯುಎಸ್‌ಬಿಯಲ್ಲಿ ಇನ್ನೂ ç ಬರುತ್ತಿದೆ, ಲ್ಯಾಪ್‌ಟಾಪ್‌ನ ಕೀಲಿ ಉಲ್ಟಾ ಆಗಿದೆ!

ಉತ್ತರ: ಮೇಲಿನ ಪಟ್ಟಿಯಲ್ಲಿ ಲ್ಯಾಪ್‌ಟಾಪ್ ಕೀಬೋರ್ಡೇ ಆಯ್ಕೆಯಾಗಿ ಉಳಿದಿದೆ. ಅದರ ಮೇಲೆ Restore Defaults ಒತ್ತಿ, ಆಮೇಲೆ ಯುಎಸ್‌ಬಿ ಆರಿಸಿ ಮತ್ತೆ ಮಾಡಿ. ಮುಂದೆ ಬ್ಲೂಟೂತ್ ಕೀಬೋರ್ಡ್ ಕೊಂಡರೆ ಮೊದಲು ಅದರ ಮೈಮೇಲೆ ಮ್ಯಾಕ್, ವಿಂಡೋಸ್ ಅಂತ ಸ್ವಿಚ್ ಇದೆಯಾ ನೋಡಿ. ಇದ್ದರೆ ಆ ಸ್ವಿಚ್ಚೇ ಸಾಕು. ಅಲ್ಲೂ ಬದಲಿಸಿ ಇಲ್ಲೂ ಬದಲಿಸಿದರೆ ಎರಡು ಸಲ ತಿರುಗಿ ಮತ್ತೆ ಮೊದಲಿನಂತೆಯೇ ಆಗುತ್ತದೆ.

ಪ್ರಶ್ನೆ ಕೇಳಿದವರು: ಈಗ ಆಯಿತು. ಆ್ಯಪ್‌ಗಳ ಸಾಲು ಬರುತ್ತಿದೆ. ಪದ ದಾಟಲು ವಿಂಡೋಸ್ ಕೀಲಿ ಹಿಡಿಯಬೇಕು, ಅಲ್ವಾ?

ಉತ್ತರ: ಹೌದು, ಈಗ ಅದೇ ಆಪ್ಷನ್.

ಕುಮಟಾದ ಸದಸ್ಯರು: ಸಾಲಿನ ತುದಿಗೆ ಹಾರುವುದು ನನಗೂ ಆಗುತ್ತದೆ, ಒಪ್ಪುತ್ತೇನೆ. ಆದರೆ ನನಗೆ ಮೇಲ್, ಬ್ರೌಸರ್ ಅಷ್ಟೇ ಕೆಲಸ. ದಿನಕ್ಕೆ ಎರಡು ಕಂಪ್ಯೂಟರ್ ಬದಲಿಸುವಾಗ ಹೆಬ್ಬೆರಳು, ಕಿರುಬೆರಳು ಅಂತ ನೆನಪಿಡುವುದು ನನ್ನಿಂದ ಆಗದು. ನಾನು ಮೂಲೆಯ ಕೀಲಿಯಲ್ಲೇ ಇರುತ್ತೇನೆ.