ಸಹಾಯ ಬೇಕು: ಪೇಪರ್ ಕೊಡುವ ಮುಂಚೆ ಏನೇನು ನೋಡಬೇಕು?

ಎಲ್ಲರಿಗೂ ನಮಸ್ಕಾರ. ನಾವು ಡೊಂಬಿವಲಿಯಲ್ಲಿದ್ದೇವೆ. ಮಗಳು ಹತ್ತನೇ ಕ್ಲಾಸು. ಪಾಠ ಬರುತ್ತೆ, ಆದರೆ ಬರೆದದ್ದನ್ನು ತಿರುಗಿ ನೋಡಲು ಬರಲ್ಲ. ನಿನ್ನೆಯ ಪ್ರಾಕ್ಟೀಸ್ ಪೇಪರಿನ ಒಂದು ಲೆಕ್ಕ ಹೇಳ್ತೀನಿ.

ಪೀನ ಮಸೂರದ ಸಂಗಮ ದೂರ 10 ಸೆಂ.ಮೀ. 5 ಮಿ.ಮೀ. ಎತ್ತರದ ವಸ್ತು 15 ಸೆಂ.ಮೀ. ದೂರದಲ್ಲಿದೆ. ಬಿಂಬ ಎಲ್ಲಿ, ಎಷ್ಟೆತ್ತರ, ಯಾವ ಬಗೆಯದು?

ವಸ್ತುವಿನ ದೂರ −15 ಆಗಬೇಕಿತ್ತು. ಅವಳು ಮೈನಸ್ ಬಿಟ್ಟಳು, ಉತ್ತರ 6 ಸೆಂ.ಮೀ. ಬಂತು. ಸರಿಯಾದದ್ದು 30. ವಸ್ತು ಸಂಗಮ ದೂರ 10ಕ್ಕೂ ಅದರ ಎರಡರಷ್ಟಾದ 20ಕ್ಕೂ ನಡುವೆ ಇದ್ದರೆ ಬಿಂಬ 20ರ ಆಚೆಗೇ ಬೀಳಬೇಕು ಅಲ್ವಾ? ಇಷ್ಟು ನೆನಪಾಗಿದ್ದರೆ 6 ತಪ್ಪು ಅಂತ ಅಲ್ಲೇ ಗೊತ್ತಾಗುತ್ತಿತ್ತು. ವರ್ಧನೆ −2, ಅಂದರೆ ಬಿಂಬ ತಲೆಕೆಳಗು, ಎತ್ತರ 10 ಮಿ.ಮೀ. ಅವಳು ಎತ್ತರಕ್ಕೂ ಸೆಂ.ಮೀ. ಅಂತಲೇ ಬರೆದಿದ್ದಳು. 'ಯಾವ ಬಗೆಯದು' ಅನ್ನುವ ಭಾಗ ಮುಟ್ಟಿಯೇ ಇಲ್ಲ.

ಇನ್ನೊಂದು, ಅವಳ ಮೈನಸ್ ಗೆರೆ ಭಿನ್ನರಾಶಿಯ ಗೆರೆಗೆ ಅಂಟಿಕೊಂಡಿರುತ್ತೆ. ಮುಂದಿನ ಸಾಲಿಗೆ ಇಳಿಸುವಾಗ ಅವಳಿಗೇ ಕಾಣಲ್ಲ. ಆವರಣದಲ್ಲಿ (−15) ಅಂತ ಬರೆ ಅಂದಿದ್ದೇನೆ.

ಕೊನೆಯ ಹತ್ತು ನಿಮಿಷಕ್ಕೆ ಒಂದು ಚೆಕ್‌ಲಿಸ್ಟ್ ಮಾಡುತ್ತಿದ್ದೇನೆ. ಮೊದಲು ಪ್ರಶ್ನೆಪತ್ರಿಕೆ ಹಿಡಿದು ಪ್ರತಿ ಭಾಗಕ್ಕೂ ಟಿಕ್, ಆಮೇಲೆ ಚಿಹ್ನೆ, ಆಮೇಲೆ ಏಕಮಾನ, ಕೊನೆಗೆ ಅಕ್ಷರ. ಈ ಕ್ರಮ ಸರಿಯೇ? ಒಂದೊಂದು ಲೆಕ್ಕಕ್ಕೆ ಎಲ್ಲವನ್ನೂ ಒಟ್ಟಿಗೆ ನೋಡೋದು ಒಳ್ಳೆಯದೋ, ಇಡೀ ಪೇಪರನ್ನು ನಾಲ್ಕು ಸಲ ತಿರುವಿ ಹಾಕೋದೋ? ಗುಂಪಿನಲ್ಲಿರುವ ಮೇಷ್ಟ್ರುಗಳು, ಟೀಚರಮ್ಮಂದಿರು ದಯವಿಟ್ಟು ಹೇಳಿ.