52 ವಾರದ ಹೈ ಸ್ಕ್ಯಾನ್‌ಗೆ ಒಂದು ಷೇರೂ ಬರ್ತಿಲ್ಲ

ಶಿರಾಗೇಟ್_ತುಮಕೂರು
ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ನಿಫ್ಟಿ 500 ಷೇರುಗಳಲ್ಲಿ 52 ವಾರದ ಹೈ ದಾಟಿದ್ದು ಬೇಕು, 50 ದಿನದ ಸರಾಸರಿಯ ಎರಡು ಪಟ್ಟು ವಾಲ್ಯೂಮ್ ಇರಬೇಕು, ಸೂಚ್ಯಂಕಕ್ಕಿಂತ ಜೋರಾಗಿ ಓಡಿರಬೇಕು. ಇಷ್ಟೇ ಷರತ್ತು. ದಿನಾ ಸೊನ್ನೆ. ಎಕ್ಸ್‌ಚೇಂಜ್‌ನ ಹೊಸ ಹೈ ಪಟ್ಟಿಯಲ್ಲಿ ಮಾತ್ರ ಹೆಸರುಗಳಿರ್ತವೆ.

ಕೋಲಾರ_ಕ್ಯಾಂಡಲ್
ಎರಡು ಪಟ್ಟು ಜಾಸ್ತಿ ಆಯ್ತು ಗುರು. 1.5 ಇಡು.

ಶಿರಾಗೇಟ್_ತುಮಕೂರು
1.2ಕ್ಕೂ ಸೊನ್ನೆ.

ಕೋಲಾರ_ಕ್ಯಾಂಡಲ್
ಹಾಗಾದ್ರೆ ಬೆಳಗ್ಗೆ 11ಕ್ಕೆ ಓಡಿಸ್ತಿದ್ದೀಯ. ಒಂದೂಮುಕ್ಕಾಲು ಗಂಟೆ ವಾಲ್ಯೂಮನ್ನ ಪೂರ್ತಿ ದಿನದ ಸರಾಸರಿ ಜತೆ ತೂಗಿದ್ರೆ ಏನು ಸಿಗುತ್ತೆ? ವಾಲ್ಯೂಮೇ ಕಾರಣ, ಬರೆದಿಟ್ಕೋ.

ಶಿರಾಗೇಟ್_ತುಮಕೂರು
ಓಡಿಸೋದು ರಾತ್ರಿ, ಭಾವ್‌ಕಾಪಿ ಬಂದ ಮೇಲೆ.

ಚಿಂತಾಮಣಿ_ಟ್ರೆಂಡ್
ಸ್ಟ್ರೆಂತ್ 70 ದಾಟಿದ್ರೆ ಓವರ್‌ಬಾಟ್ ಅಲ್ವಾ? ನಾನು ಅಂಥದ್ದನ್ನ ಮುಟ್ಟೋದೇ ಇಲ್ಲ.

ಗುಬ್ಬಿ_ಸ್ವಿಂಗ್
ನೀವು ಹೇಳ್ತಿರೋದು ಆರ್‌ಎಸ್‌ಐ ಸರ್. ಅದು ಷೇರನ್ನ ಅದರದೇ ಹಿಂದಿನ ಬೆಲೆ ಜತೆ ಹೋಲಿಸುತ್ತೆ. ಇಲ್ಲಿ ಬೇಕಿರೋದು ಸೂಚ್ಯಂಕದ ಜತೆ ಹೋಲಿಕೆ. 55 ದಿನದಲ್ಲಿ ಷೇರು 18%, ನಿಫ್ಟಿ 500 6% ಏರಿದ್ರೆ, 1.18ನ್ನ 1.06ರಿಂದ ಭಾಗಿಸಿ 1 ಕಳೆಯಿರಿ: ಸುಮಾರು 11% ಮುಂದಿದೆ.

ತುಮಕೂರಿನವರೇ, ಕ್ಲೋಸ್‌ನ ಹೈ ಜತೆ ಹೋಲಿಸೋ ಕಡೆ `>` ಬದಲು `>=` ಹಾಕಿ ನೋಡಿದ್ರಾ?

ಶಿರಾಗೇಟ್_ತುಮಕೂರು
ಹಾಕಿದ್ದೆ, ಹೇಳೋಕೆ ಮರೆತೆ. ಎರಡು ಬಂದವು, ಎರಡೂ ಅಪ್ಪರ್ ಸರ್ಕ್ಯೂಟ್‌ನಲ್ಲಿ ಲಾಕ್.

ಗುಬ್ಬಿ_ಸ್ವಿಂಗ್
ಸಿಕ್ತು. ನಿಮ್ಮ 252 ದಿನದ ಗರಿಷ್ಠದೊಳಗೆ ಇವತ್ತಿನ ಹೈ ಕೂಡ ಸೇರಿಕೊಂಡಿದೆ. ಕ್ಲೋಸ್ ಅದೇ ದಿನದ ಹೈ ದಾಟೋಕೆ ಸಾಧ್ಯವೇ ಇಲ್ಲ, ಸಮ ಆಗಬಹುದು ಅಷ್ಟೇ. ಸರ್ಕ್ಯೂಟ್‌ನಲ್ಲಿ ಲಾಕ್ ಆದ ಷೇರಿಗೆ ಹಾಗೆ ಆಗುತ್ತೆ. ಹೈಯನ್ನ ನಿನ್ನೆಗೆ ನಿಲ್ಲಿಸಿ, ಸರಾಸರಿಯನ್ನೂ:

```
hi  = df["High"].rolling(252).max().shift(1)
vol = df["Volume"].rolling(50).mean().shift(1)
sel = (df["Close"] > hi) & (df["Volume"] > 2 * vol)
```

ಭಾವ್‌ಕಾಪಿ ಬೆಲೆ ಬೋನಸ್, ಸ್ಪ್ಲಿಟ್‌ಗೆ ಹೊಂದಿಸಿರಲ್ಲ. 1:1 ಬೋನಸ್ ಕೊಟ್ಟ ಷೇರಿನ ಹಳೇ ಹೈ ಒಂದು ವರ್ಷ ದುಪ್ಪಟ್ಟಾಗೇ ಕೂತಿರುತ್ತೆ, ಅಲ್ಲಿವರೆಗೆ ಅದು ಸ್ಕ್ಯಾನ್‌ಗೆ ಬರೋದು ಕಷ್ಟ. ಹೊಂದಿಸಿದ ಬೆಲೆ ಬಳಸಿ.

ಶಿರಾಗೇಟ್_ತುಮಕೂರು
ಬಂತು ಅಣ್ಣ! ಇವತ್ತಿಗೆ ಏಳು. ಎಕ್ಸಿಟ್ ಹೇಗೆ?

ಗುಬ್ಬಿ_ಸ್ವಿಂಗ್
ಹಳೇ ಹೈ 480, ಬ್ರೇಕ್‌ಔಟ್ ದಿನದ ಲೋ 474, ಮರುದಿನ 492ಕ್ಕೆ ಸಿಕ್ತು ಅಂತಿಟ್ಕೊಳ್ಳಿ. ಸ್ಟಾಪ್ 474, ಷೇರಿಗೆ ₹18 ಅಪಾಯ. ₹5,400 ಕಳೆದುಕೊಳ್ಳೋಕೆ ತಯಾರಿದ್ರೆ 300 ಷೇರು. ಮೊದಲ ಐದು ದಿನದಲ್ಲಿ 480ರ ಕೆಳಗೆ ಕ್ಲೋಸ್ ಆದ್ರೆ 474ಕ್ಕೆ ಕಾಯಬೇಡಿ, ಬ್ರೇಕ್‌ಔಟ್ ಕೆಟ್ಟಿದೆ. ಆಮೇಲೆ 20 ದಿನದ ಇಎಂಎ ಕೆಳಗೆ ಕ್ಲೋಸ್ ಆದ ಮರುಬೆಳಗ್ಗೆ ಮಾರಾಟ.

ಕೋಲಾರ_ಕ್ಯಾಂಡಲ್
480 ಮುಟ್ಟಿ ವಾಪಸ್ ಮೇಲೆ ಹೋಗೋದೇ ಒಳ್ಳೇ ರೀಟೆಸ್ಟ್. ಒಂದು ದಿನದ ಕ್ಲೋಸ್‌ಗೆ ಮಾರಿದ್ರೆ ಅರ್ಧ ಟ್ರೆಂಡ್ ಕೈ ತಪ್ಪುತ್ತೆ. 8% ಸ್ಟಾಪ್ ಸಾಕು.

ಗುಬ್ಬಿ_ಸ್ವಿಂಗ್
8% ಅಂದ್ರೆ ಸುಮಾರು 453. ಅದೇ ₹5,400ಕ್ಕೆ 137 ಷೇರು ಮಾತ್ರ ಬರುತ್ತೆ. ಅದಕ್ಕೆ ಒಪ್ಪೋದಾದ್ರೆ ಇಡಿ.

ಶಿರಾಗೇಟ್_ತುಮಕೂರು
ಏಳರಲ್ಲಿ ಒಂದಕ್ಕೆ ವಾಲ್ಯೂಮ್ ಒಂಬತ್ತು ಪಟ್ಟು, ಬೆಲೆ ಏರಿದ್ದು 1% ಮಾತ್ರ. ಬ್ಲಾಕ್ ಡೀಲ್ ಇರಬಹುದಾ?